ಎರಡು ಲಕ್ಷ ಉಳಿಯಿತು ಅಂದುಕೊಂಡ ಶನಿವಾರ

ನರಗುಂದ ಕಡೆಯ ಎರೆಭೂಮಿಯಲ್ಲಿ 4 ಕಿಲೋಮೀಟರ್ ರಸ್ತೆ ರಿಪೇರಿ. ಬಜೆಟ್ 80 ಲಕ್ಷ, ಅವಧಿ ಎಂಟು ವಾರ. ನಾನು ಗುತ್ತಿಗೆದಾರರ ಕಡೆಯ ಸೈಟ್ ಇಂಜಿನಿಯರ್. ಅಂಕಿಗಳನ್ನು ಇಲ್ಲಿ ದುಂಡಗೆ ಮಾಡಿದ್ದೇನೆ.

ನಾಲ್ಕನೇ ವಾರದ ಶನಿವಾರ ಮಾಲೀಕರು ಖರ್ಚಿನ ಬುಕ್ ತೆಗೆದರು. "ಇಷ್ಟೊತ್ತಿಗೆ 40 ಲಕ್ಷ ಹೋಗಬೇಕಿತ್ತು, 38 ಹೋಗೇತಿ. ಎರಡು ಲಕ್ಷ ಉಳೀತಲ್ರೀ?" ಅಂದರು. ನನಗೆ ಖುಷಿಯಾಗಲಿಲ್ಲ. ಪ್ಲ್ಯಾನ್ ಪ್ರಕಾರ 2 ಕಿಲೋಮೀಟರ್ ಪೂರ್ತಿ ಮುಗಿದಿರಬೇಕಿತ್ತು. ಡಾಂಬರು ಒಂದು ಮೀಟರೂ ಬಿದ್ದಿರಲಿಲ್ಲ.

ಆ 40 ಲಕ್ಷವೇ ಪ್ಲ್ಯಾನ್ಡ್ ವ್ಯಾಲ್ಯೂ, ಅಂದರೆ ಆ ದಿನಕ್ಕೆ ಮುಗಿಯಬೇಕಿದ್ದ ಕೆಲಸದ ಬೆಲೆ. ಅದರ ಪಕ್ಕ ಬರೀ ಖರ್ಚು ಇಟ್ಟರೆ ಕೆಲಸ ಎಷ್ಟಾಗಿದೆ ಅಂತ ಗೊತ್ತಾಗಲ್ಲ. ಅದಕ್ಕೆ ಅರ್ನ್ಡ್ ವ್ಯಾಲ್ಯೂ, ಅಂದರೆ EV ಬೇಕು. ನಿಜವಾಗಿ ಮುಗಿದ ಕೆಲಸವನ್ನು ಬಜೆಟ್ ದರದಲ್ಲಿ ಲೆಕ್ಕ ಹಾಕಿದರೆ ಅದು ಸಿಗುತ್ತದೆ.

ಬಜೆಟ್‌ನಲ್ಲಿ ಒಂದು ಕಿಲೋಮೀಟರಿಗೆ ಅಗೆದು ಗರಸು ತುಂಬಲು 6 ಲಕ್ಷ, ಖಡಿಗೆ 8, ಡಾಂಬರಿಗೆ 6 ಇತ್ತು. ಟೇಪ್ ಹಿಡಿದು ನಡೆದೆ. ರೋಲರ್ ಓಡಿ ಗಟ್ಟಿಯಾದದ್ದನ್ನು ಮಾತ್ರ ಎಣಿಸಿದೆ. ಗರಸು 3 ಕಿಲೋಮೀಟರ್, 18 ಲಕ್ಷ. ಖಡಿ ಒಂದೂವರೆ ಕಿಲೋಮೀಟರ್, 12 ಲಕ್ಷ. ಒಟ್ಟು 30. ಅಂದರೆ 10 ಲಕ್ಷದ ಕೆಲಸ ಹಿಂದೆ ಬಿದ್ದಿತ್ತು.

ಇನ್ನು ಖರ್ಚು. ರಸ್ತೆ ಪಕ್ಕ ಇನ್ನೂ ಹಾಸದ ಖಡಿ ರಾಶಿ ಬಿದ್ದಿತ್ತು, 2 ಲಕ್ಷದ್ದು. ಅದರ ಬಿಲ್ ಬುಕ್ಕಿಗೆ ಹತ್ತಿತ್ತು, ಕೆಲಸ ಇನ್ನೂ ಆಗಿರಲಿಲ್ಲ. ಒಂದು ರೂಪಾಯಿ ಖರ್ಚಿಗೆ ಎಷ್ಟು ಕೆಲಸ ಬಂತು ಅಂತ ಹೇಳುವ ಅಂಕಿ ಸಿಪಿಐ. ಹೀಗೆ ಬಿಟ್ಟರೆ ಅದು ಸುಮ್ನೆ ಕೆಳಗೆ ಬೀಳುತ್ತದೆ. ಆ ರಾಶಿಯ ಬಿಲ್ ತೆಗೆದಿಟ್ಟರೆ ಆದ ಕೆಲಸದ ಖರ್ಚು, ಅಂದರೆ AC, 36 ಲಕ್ಷ.

```
CPI = EV / AC = 30 / 36 = 0.83
```

ಒಂದು ರೂಪಾಯಿ ಖರ್ಚಿಗೆ 83 ಪೈಸೆಯ ಕೆಲಸ. 80 ಲಕ್ಷವನ್ನು ಈ ಸಿಪಿಐಯಿಂದ ಭಾಗಿಸಿದರೆ ಕೊನೆಗೆ 96 ಲಕ್ಷ ಆಗುತ್ತದೆ. ಮಾಲೀಕರ ಮುಖ ಬಾಡಿತು.

ಆದರೆ ಆ 96 ಅನ್ನು ನಾನೇ ನಂಬಲಿಲ್ಲ. ಕೆಲಸ ಬಿಡಿಸಿ ನೋಡಿದೆ. ಖಡಿಗೆ 12 ಲಕ್ಷ ಹೋಗಿತ್ತು, 12 ಲಕ್ಷದ ಕೆಲಸ ಬಂದಿತ್ತು. ಗರಸಿಗೆ ಮಾತ್ರ 18ರ ಕೆಲಸಕ್ಕೆ 24 ಹೋಗಿತ್ತು, ಅಲ್ಲಿ ಸಿಪಿಐ 0.75. ಎಸ್ಟಿಮೇಟ್‌ನಲ್ಲಿ 30 ಸೆಂಟಿಮೀಟರ್ ಅಗೆತ ಬರೆದಿತ್ತು. ನಾವು 45ರವರೆಗೂ ಅಗೆದಿದ್ದೆವು, ಯಾಕೆಂದರೆ ಕೆಳಗೂ ಬಿರುಕು ಬಿಟ್ಟ ಎರೆ ಮಣ್ಣೇ.

ಆ ನಷ್ಟ ಡಾಂಬರಿಗೆ ಯಾಕೆ ಹರಡಬೇಕು? ಗರಸಿನ ಕೆಲಸ ಇನ್ನು 1 ಕಿಲೋಮೀಟರ್ ಮಾತ್ರ ಉಳಿದಿತ್ತು, ಇಲ್ಲಿಯವರೆಗೆ ನಿಜವಾಗಿ ಬಿದ್ದ ದರದಲ್ಲೇ ಹಿಡಿದರೆ 8 ಲಕ್ಷ. ಬಜೆಟ್ ದರದಲ್ಲಿ ಉಳಿದ ಖಡಿ 20, ಡಾಂಬರು 24, ಆಗಲೇ ಖರ್ಚಾಗಿದ್ದು 36. ಒಟ್ಟು 88 ಲಕ್ಷ.

ಮಾಲೀಕರು ಕೇಳಿದ್ದು ಒಂದೇ: "ಆ ಕಡೀ ಕಿಲೋಮೀಟರಿನ್ಯಾಗ ಮಣ್ಣು ಹೆಂಗೈತಿ?" ಸೋಮವಾರ ಬೆಳಿಗ್ಗೆ ಅಲ್ಲಿ 200 ಮೀಟರಿಗೊಂದರಂತೆ ಗುಂಡಿ ತೋಡಿಸಿದೆವು.