ರಫ್ ಕಟ್ ಆಯ್ತು, ಫೈನ್ ಕಟ್ ಹೇಗೆ?

ಇಳಕಲ್ ಸೀರೆ ನೇಯುವವರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೀರಿ ಎಂದುಕೊಳ್ಳಿ. ಐದು ಜನರ ಸಂದರ್ಶನ, ಒಟ್ಟು 12 ಗಂಟೆ ಫುಟೇಜ್. ಬೇಕೆನಿಸಿದ ಮಾತುಗಳನ್ನು ಹೆಕ್ಕಿ, ಕಥೆಯ ಕ್ರಮದಲ್ಲಿ ಇಟ್ಟು 95 ನಿಮಿಷದ ರಫ್ ಕಟ್ ಮಾಡಿದ್ದೀರಿ. ಈಗ ಅದನ್ನು ತಿದ್ದಿ ತೀಡಿ ಫೈನ್ ಕಟ್ ಮಾಡಬೇಕು, ಚಿತ್ರ 52 ನಿಮಿಷಕ್ಕೆ ಇಳಿಯಬೇಕು. ಇಲ್ಲಿ ಬಹಳ ಜನ ಮೊದಲು ಮಾಡುವ ಕೆಲಸ ಎಂದರೆ, ಕಟ್ ಕಂಡ ಕಡೆಯೆಲ್ಲ ಮಗ್ಗದ ಶಾಟ್ ಹಾಕಿ ಮುಚ್ಚಿಬಿಡುವುದು. ಅದು ಈಗಲೇ ಬೇಡ. ಮುಚ್ಚಿದ ಮೇಲೆ ಮಾತು ಎಲ್ಲಿ ಎಡವುತ್ತಿದೆ ಎಂಬುದು ಗೊತ್ತಾಗುವುದಿಲ್ಲ.

ಮೊದಲು ಕಿವಿ

ಟೈಮ್‌ಲೈನಿನ ಒಂದು ಪ್ರತಿ ಮಾಡಿಟ್ಟುಕೊಳ್ಳಿ. ಹಳೆಯದನ್ನು ಮುಟ್ಟಬೇಡಿ, ಆಮೇಲೆ ಬೇಕಾಗುತ್ತದೆ. ಈಗ ಪರದೆ ಆಫ್ ಮಾಡಿ ಪೂರ್ತಿ ಕೇಳಿ. ಒಂದೇ ವಿಷಯವನ್ನು ಮೂರು ಜನ ಹೇಳುತ್ತಿರುವುದು ಆಗ ಕಿವಿಗೆ ಬೀಳುತ್ತದೆ. ಪವರ್‌ಲೂಮ್ ಬಂದು ಕೈಮಗ್ಗದ ಕೆಲಸ ಕಡಿಮೆಯಾಯಿತು ಎಂದು ಸೊಸೈಟಿಯ ಕಾರ್ಯದರ್ಶಿ ಅಚ್ಚುಕಟ್ಟಾಗಿ ಹೇಳುತ್ತಾರೆ. ಮಗ್ಗ ಮಾರಿದ ಹೆಂಗಸು ತಡವರಿಸುತ್ತಾ ಹೇಳುತ್ತಾರೆ. ನಾನಾದರೆ ಆಕೆಯನ್ನು ಉಳಿಸಿಕೊಳ್ಳುತ್ತೇನೆ. ಕಾರ್ಯದರ್ಶಿಗೆ ನೂಲಿನ ಬೆಲೆಯ ಮಾತು ಸಾಕು. ಈ ಜರಡಿ ಒಂದರಲ್ಲೇ ಇಪ್ಪತ್ತು ನಿಮಿಷ ಹೋದರೂ ಆಶ್ಚರ್ಯವಿಲ್ಲ.

ಆಮೇಲೆ ಒಂದೊಂದು ಉತ್ತರದ ಒಳಗೆ

ಇದೇ ಕಷ್ಟದ ಭಾಗ. ಹಿರಿಯ ನೇಕಾರರೊಬ್ಬರು ಮೂರು ನಿಮಿಷ ಮಾತಾಡಿದ್ದಾರೆ. "ನಮ್ಮಪ್ಪನ ಕಾಲಕ್ಕ ಮನ್ಯಾಗ ಎರಡು ಮಗ್ಗ ಇದ್ವುರಿ. ಈಗ ಒಂದ ಐತಿ." ನಡುವೆ ಬಣ್ಣದ ಮಾತು, ನೆಂಟರ ಮಾತು. ಆಮೇಲೆ, "ಮಗ ಬೆಂಗಳೂರಿಗೆ ಹೋದ." ನಾಲ್ಕು ಸೆಕೆಂಡ್ ಸುಮ್ಮನಿರುತ್ತಾರೆ. "ನಾನ ಕಳಿಸೀನ್ರಿ."

ಬಣ್ಣ, ನೆಂಟರು ಹೋಗಲಿ. ಆದರೆ ಸಮಯ ಉಳಿಸಲು "ಹೋದ" ಎನ್ನುವಲ್ಲೇ ನಿಲ್ಲಿಸಿದರೆ, ಮಗ ಅಪ್ಪನನ್ನೂ ಮಗ್ಗವನ್ನೂ ಬಿಟ್ಟು ಹೋದ ಎಂಬ ಕಥೆಯಾಗುತ್ತದೆ. ಅವರು ಹೇಳಿದ್ದು ಅದಲ್ಲ. ಆ ನಾಲ್ಕು ಸೆಕೆಂಡನ್ನು ಒಂದಕ್ಕೆ ಇಳಿಸಿದರೂ ಮಾತಿನ ತೂಕ ಬದಲಾಗುತ್ತದೆ. ಪ್ರತಿ ಉತ್ತರ ಕತ್ತರಿಸಿದ ಮೇಲೆ ಮೂಲ ಫುಟೇಜನ್ನು ಇನ್ನೊಮ್ಮೆ ಕೇಳಿ, ಅರ್ಥ ಒಂದೇ ಇದೆಯಾ ಎಂದು ಹೋಲಿಸಿ. ಬೇರೆ ಬೇರೆ ಕಡೆಯ ತುಂಡು ಸೇರಿಸಿ ಅವರು ಹೇಳದ ವಾಕ್ಯ ಕಟ್ಟುವುದಂತೂ ಸಲ್ಲದು.

ಕನ್ನಡದಲ್ಲಿ ಕತ್ತರಿಸುವಾಗ ಒಂದು ತೊಡಕಿದೆ. ನಮ್ಮ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. "ಹೋಗಿ", "ಬಂದು", "ಆದ್ರ" ಎಂಬಲ್ಲಿ ದನಿ ಇನ್ನೂ ಮೇಲೇ ಇರುತ್ತದೆ. ಅಲ್ಲಿ ನಿಲ್ಲಿಸಿದರೆ ಮಾತನ್ನು ಬಾಯಿಂದ ಕಿತ್ತುಕೊಂಡ ಹಾಗೆ ಕೇಳಿಸುತ್ತದೆ. ದನಿ ಇಳಿಯುವ ಜಾಗ ಹುಡುಕಿ. ಸಿಗದಿದ್ದರೆ ವಾಕ್ಯವನ್ನು ಪೂರ್ತಿ ಇಡಿ, ಇಲ್ಲವೇ ಪೂರ್ತಿ ತೆಗೆಯಿರಿ. "ಅವ", "ಅದು" ಎಂದು ಶುರುವಾಗುವ ಮಾತಿನಲ್ಲಿ ಯಾರು, ಯಾವುದು ಎಂಬುದು ಹಿಂದಿನ ಮಾತಿನಲ್ಲೇ ಕತ್ತರಿಸಿ ಹೋಗಿರಬಹುದು. ಅದನ್ನೂ ನೋಡಿಕೊಳ್ಳಿ.

ಫ್ರೇಮ್ ಲೆಕ್ಕ

ಚಿತ್ರ 60 ನಿಮಿಷದ ಹತ್ತಿರ ಬಂದಾಗ ಫ್ರೇಮುಗಳಿಗೆ ಇಳಿಯಿರಿ. ಸೆಕೆಂಡಿಗೆ 25 ಫ್ರೇಮ್ ಇದ್ದರೆ, ಎರಡು ಮೂರು ಫ್ರೇಮ್ ಆಚೀಚೆಯಾದರೂ "ಕ", "ಪ" ಅಕ್ಷರದ ತಲೆ ಹೋಗುತ್ತದೆ. ಉಸಿರನ್ನು ಅರ್ಧಕ್ಕೆ ಕತ್ತರಿಸಬೇಡಿ. ಇಡೀ ಉಸಿರು ಇಡಿ, ಇಲ್ಲವೇ ಅದರ ಮುಂಚೆ ಕತ್ತರಿಸಿ.

ನೇಕಾರರ ಮನೆಯಲ್ಲಿ ಇನ್ನೊಂದು ಪೇಚು ಇದೆ. ಹಿಂದಿನ ಕೋಣೆಯಲ್ಲಿ ಮಗ್ಗ ನಡೆಯುತ್ತಿದ್ದರೆ ಪ್ರತಿ ಕಟ್‌ನಲ್ಲೂ ಅದರ ತಾಳ ಹಾರುತ್ತದೆ. ಚಿತ್ರದ ಕಟ್ ಕಾಣದಿದ್ದರೂ ಈ ಹಾರುವಿಕೆ ಕೇಳಿಸುತ್ತದೆ. ಶೂಟಿಂಗ್ ದಿನ ಅರ್ಧ ನಿಮಿಷ ಯಾರೂ ಮಾತಾಡದೆ ಮಗ್ಗದ ಸದ್ದನ್ನಷ್ಟೇ ರೆಕಾರ್ಡ್ ಮಾಡಿದ್ದರೆ ಅದನ್ನು ಇಡೀ ದೃಶ್ಯದ ಕೆಳಗೆ ಹಾಸಿ. ತಾಳ ಹಾರುವುದು ತೀರಾ ಹೋಗದಿದ್ದರೂ ಮರೆಯಾಗುತ್ತದೆ. ಮಾಡಿಲ್ಲದಿದ್ದರೆ ಪ್ರಶ್ನೆ ಉತ್ತರಗಳ ನಡುವಿನ ಮೌನ ಹುಡುಕಿ ಅಲ್ಲಿಂದ ತುಂಡು ಜೋಡಿಸಬೇಕು. ಬೇಜಾರಿನ ಕೆಲಸವೇ.

ಈಗ ದೃಶ್ಯ

ಮಾತು ತನ್ನ ಕಾಲ ಮೇಲೆ ತಾನೇ ನಿಂತ ಮೇಲೆ ಮಗ್ಗ, ಬಣ್ಣದ ಹಂಡೆ, ಓಣಿ ಎಲ್ಲ ಬರಲಿ. ಮುಂದಿನವರ ದನಿ ಅವರ ಮುಖಕ್ಕಿಂತ ಒಂದೆರಡು ಸೆಕೆಂಡ್ ಮುಂಚೆ ಬಂದರೆ ಎಳೆ ಕಡಿಯುವುದಿಲ್ಲ. ಆದರೆ "ನಾನ ಕಳಿಸೀನ್ರಿ" ಎನ್ನುವಾಗ ಮುಖವೇ ಇರಬೇಕು. ಅಲ್ಲಿ ಕೈಯ ಕ್ಲೋಸಪ್ ಹಾಕಿದರೆ ಆ ನಾಲ್ಕು ಸೆಕೆಂಡ್ ಉಳಿಸಿಕೊಂಡದ್ದೇ ದಂಡ, ಅಲ್ವಾ?

ಕೊನೆಗೆ, ಚಿತ್ರದ ಬಗ್ಗೆ ಏನೂ ಗೊತ್ತಿಲ್ಲದ ಇಬ್ಬರು ಮೂವರಿಗೆ ತೋರಿಸಿ. ಮುಂಚೆ ಏನೂ ವಿವರಿಸಬೇಡಿ. ಅವರು ಯಾವಾಗ ಮೊಬೈಲ್ ತೆಗೆದರು ಎಂದು ಟೈಮ್‌ಕೋಡ್ ಬರೆದುಕೊಳ್ಳಿ. ತಪ್ಪು ಹಲವು ಸಲ ಆ ಜಾಗದಲ್ಲಿ ಇರುವುದಿಲ್ಲ, ಅದಕ್ಕೆ ಕೆಲವು ನಿಮಿಷ ಹಿಂದೆ ಇರುತ್ತದೆ. ಅದನ್ನೂ ಸರಿ ಮಾಡಿದ ಮೇಲೆ ಪಿಕ್ಚರ್ ಲಾಕ್, ಅಂದರೆ ಇನ್ನು ಯಾವ ಕಟ್ ಅನ್ನೂ ಮುಟ್ಟುವಂತಿಲ್ಲ. ಸಬ್‌ಟೈಟಲ್, ಬಣ್ಣ, ಸೌಂಡ್ ಮಿಕ್ಸಿಂಗ್ ಎಲ್ಲ ಅದಾದ ಮೇಲೆಯೇ. ಲಾಕ್ ಆದ ಮೇಲೆ ಒಂದು ಶಾಟ್ ಕಡಿಮೆಯಾದರೂ ಅಲ್ಲಿಂದ ಮುಂದಿನ ಸಬ್‌ಟೈಟಲ್‌ಗಳನ್ನೆಲ್ಲ ಸರಿಸಬೇಕಾಗುತ್ತದೆ.