ಬೂದು ಬಣ್ಣದ ಕೆಳಭಾಗ: ಅರ್ಧಕ್ಕೆ ನಿಂತ ಅಪ್‌ಲೋಡನ್ನು ನಾನು ಪತ್ತೆ ಹಚ್ಚಿದ ಬಗೆ

ಸೇತುವೆಗಳ ಕಂಬ ಮತ್ತು ತೊಲೆಗಳನ್ನು ಪರಿಶೀಲಿಸುವ ತಂಡವು ಸ್ಥಳದಿಂದಲೇ ಮೊಬೈಲ್ ಮೂಲಕ ಕಳುಹಿಸುವ ಚಿತ್ರಗಳನ್ನು ಸ್ವೀಕರಿಸಿ, ವರದಿಗಳಿಗೆ ಜೋಡಿಸಿ, ಕಾಪಾಡಿ ಇಡುವುದು ನನ್ನ ಕೆಲಸ. ಸೇತುವೆಯ ಕೆಳಗೆ ಸಿಗ್ನಲ್ ಸಾಮಾನ್ಯವಾಗಿ ಕ್ಷೀಣವಾಗಿರುತ್ತದೆ. ಅಪ್‌ಲೋಡ್ ನಡುವೆಯೇ ಕಡಿದುಹೋದರೆ ಚಿತ್ರದ ಮೇಲ್ಭಾಗ ಮಾತ್ರ ಬಂದು, ಉಳಿದದ್ದು ಬೂದು ಬಣ್ಣದ ಪಟ್ಟಿಯಾಗಿ ನಿಲ್ಲುತ್ತದೆ. ಕಾಂಕ್ರೀಟಿನ ಬಣ್ಣವೂ ಬೂದೇ ಆಗಿರುವುದರಿಂದ, ಪುಟ್ಟ ಚೌಕಗಳಲ್ಲಿ ಸಾಲಾಗಿ ನೋಡುವಾಗ ಆ ಪಟ್ಟಿ ಗೋಡೆಯ ಭಾಗದಂತೆಯೇ ಕಾಣುತ್ತದೆ. ಹೀಗೆ ಬಹಳ ದಿನ ಅದು ನನ್ನ ಕಣ್ಣು ತಪ್ಪಿಸಿತ್ತು.

ವರದಿ ಓದುತ್ತಿದ್ದ ಎಂಜಿನಿಯರ್ ಒಬ್ಬರು, "ಕಂಬದ ಬುಡದಲ್ಲಿ ಬಿರುಕಿದೆ ಎಂದು ಬರೆದಿದ್ದೀರಿ, ಚಿತ್ರದಲ್ಲಿ ಬುಡವೇ ಇಲ್ಲವಲ್ಲ?" ಎಂದು ಕೇಳಿದಾಗಲೇ ನಾನು ಆ ಚಿತ್ರವನ್ನು ಪೂರ್ಣ ಗಾತ್ರದಲ್ಲಿ ತೆರೆದದ್ದು. ಚಿತ್ರ ತೆಗೆದ ಹುಡುಗನಿಗೆ ಫೋನ್ ಮಾಡಿದೆ. "ಸರ್, ನಾನು ಪೂರ್ತಿ ಕಳಿಸಿದ್ದೇನೆ, ನೂರು ಪರ್ಸೆಂಟ್ ಅಂತ ತೋರಿಸಿತು" ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು. ಅದೃಷ್ಟಕ್ಕೆ ಮೂಲ ಚಿತ್ರ ಇನ್ನೂ ಅವನ ಫೋನಿನಲ್ಲಿತ್ತು, ಆದ್ದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು.

ಫೋನಿನಲ್ಲಿದ್ದ ಕಡತದ ಗಾತ್ರ 38,42,117 ಬೈಟ್. ಸರ್ವರಿನಲ್ಲಿದ್ದದ್ದು 20,97,152 ಬೈಟ್. ಎರಡನೆಯ ಸಂಖ್ಯೆಯನ್ನು ನೋಡಿದೊಡನೆ ನನಗೆ ಅನುಮಾನ ಬಂದಿತು, ಏಕೆಂದರೆ ಅದು 65,536 ಬೈಟ್‌ಗಳ 32 ತುಂಡುಗಳಿಗೆ ಸರಿಯಾಗಿ ಸಮ. ಕ್ಯಾಮೆರಾ ಬರೆಯುವ ಚಿತ್ರದ ಗಾತ್ರ ಇಷ್ಟು ಅಚ್ಚುಕಟ್ಟಾಗಿ ಬರುವುದು ತೀರಾ ಅಪರೂಪ. ನಮ್ಮ ಸ್ವೀಕರಿಸುವ ಪ್ರೋಗ್ರಾಮ್ ಅಷ್ಟು ದೊಡ್ಡ ತುಂಡು ತುಂಬಿದಾಗ ಮಾತ್ರ ಡಿಸ್ಕಿಗೆ ಬರೆಯುತ್ತಿತ್ತು. ಮೂವತ್ತಮೂರನೆಯ ತುಂಡು ತುಂಬುವ ಮೊದಲೇ ಸಂಪರ್ಕ ಕಡಿದಿತ್ತು.

ಚಿತ್ರದಲ್ಲಿ ಬೂದು ಬಣ್ಣ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನೂ ಎಣಿಸಿದೆ. ಸಾಮಾನ್ಯ ಜೆಪೆಗ್ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಒಂದರ ಹಿಂದೆ ಒಂದರಂತೆ ಕಡತದಲ್ಲಿ ಬರೆದಿರುತ್ತಾರೆ. ನಮ್ಮ ಫೋನುಗಳ ಚಿತ್ರಗಳಲ್ಲಿ ಈ ಚೌಕ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ. 3,000 ಪಿಕ್ಸೆಲ್ ಎತ್ತರದ ಈ ಚಿತ್ರದಲ್ಲಿ 119 ಸಾಲುಗಳು, ಅಂದರೆ 1,904 ಪಿಕ್ಸೆಲ್‌ಗಳು, ಪೂರ್ತಿ ಬಂದಿದ್ದವು. ನೂರಿಪ್ಪತ್ತನೆಯ ಸಾಲು ನಡುವೆ ಮುರಿದಿತ್ತು. ಬೈಟ್‌ಗಳಲ್ಲಿ ಶೇಕಡಾ 55ರಷ್ಟೂ ಬಂದಿರದಿದ್ದರೂ ಚಿತ್ರದ ಶೇಕಡಾ 63 ಭಾಗ ಕಾಣಲು ಕಾರಣ, ಮೇಲ್ಭಾಗದಲ್ಲಿ ಇದ್ದದ್ದು ಆಕಾಶ. ನುಣುಪಾದ ಆಕಾಶಕ್ಕೆ ಬೈಟ್ ಕಡಿಮೆ ಸಾಕು, ಒರಟು ಕಾಂಕ್ರೀಟಿಗೆ ಹೆಚ್ಚು ಬೇಕು. ಆದ್ದರಿಂದ ಚಿತ್ರ ಎಷ್ಟು ಕಾಣುತ್ತದೆ ಎಂಬುದರಿಂದ ಕಡತ ಎಷ್ಟು ಬಂದಿದೆ ಎಂದು ಅಳೆಯಲು ಹೋಗಬಾರದು.

ಉಳಿದ ಭಾಗ ಬೂದು ಬಣ್ಣದಲ್ಲಿ ಕಾಣುವುದಕ್ಕೆ ಕಾರಣ ಸರಳ. ಕಡತದ ಆರಂಭದಲ್ಲಿಯೇ ಚಿತ್ರದ ಅಗಲ, ಎತ್ತರ ಬರೆದಿರುತ್ತದೆ, ಹೀಗಾಗಿ ಚಿತ್ರ ತೋರಿಸುವ ಪ್ರೋಗ್ರಾಮ್ ಅಷ್ಟು ಜಾಗವನ್ನು ಮೊದಲೇ ಕಾದಿರಿಸುತ್ತದೆ. ಮಾಹಿತಿ ಮುಗಿದುಹೋದಾಗ ಬಾರದ ಚೌಕಗಳನ್ನು ಸೊನ್ನೆಯೆಂದು ಭಾವಿಸುತ್ತದೆ. ಜೆಪೆಗ್ ಲೆಕ್ಕದಲ್ಲಿ ಸೊನ್ನೆ ಎಂದರೆ ಕಪ್ಪಲ್ಲ, ಕಪ್ಪು ಬಿಳುಪಿನ ನಟ್ಟನಡುವಿನ ಬೂದು. ಪಿಕ್ಸೆಲ್ ಬೆಲೆ 128. ಕೆಲವು ಪ್ರೋಗ್ರಾಮ್‌ಗಳು ಆ ಜಾಗವನ್ನು ಕಪ್ಪಾಗಿಯೋ ಬಿಳಿಯಾಗಿಯೋ ಬಿಡುವುದೂ ಉಂಟು.

ಕಾಂಕ್ರೀಟಿನ ಬೂದನ್ನೂ ಕಡಿದ ಚಿತ್ರದ ಬೂದನ್ನೂ ಬೇರೆ ಮಾಡಿ ನೋಡಲು ಕಣ್ಣಿಗೆ ಎರಡು ಗುರುತುಗಳು ಸಾಕು. ಒಂದು, ಗಡಿಯ ಆಕಾರ. ಬೂದು ಭಾಗದ ಅಂಚು ಸ್ಕೇಲಿನಿಂದ ಗೆರೆ ಎಳೆದಂತೆ ನೇರವಾಗಿದ್ದು, ಅದರಲ್ಲಿ ಒಂದೇ ಒಂದು ಸಣ್ಣ ಮೆಟ್ಟಿಲು ಇರುತ್ತದೆ, ಏಕೆಂದರೆ ಕೊನೆಯ ಸಾಲಿನ ಎಡಭಾಗದ ಚೌಕಗಳು ಬಂದು ಬಲಭಾಗದವು ಬಂದಿರುವುದಿಲ್ಲ. ಇನ್ನೊಂದು, ಬಣ್ಣದ ಶುದ್ಧತೆ. ನಿಜವಾದ ಗೋಡೆಯನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಕಣಕಣವಾಗಿ ಛಾಯೆ ಬದಲಾಗುತ್ತಿರುತ್ತದೆ. ಬಾರದ ಭಾಗದಲ್ಲಿ ಎಲ್ಲ ಪಿಕ್ಸೆಲ್‌ಗಳೂ ಒಂದೇ.

ಇಲ್ಲಿ ನಾನು ಒಮ್ಮೆ ಎಡವಿದ್ದೇನೆ. ಬೂದು ಪಟ್ಟಿ ಯಾವಾಗಲೂ ಕೆಳಗೇ ಇರುತ್ತದೆ ಎಂದುಕೊಂಡು, ಪ್ರತಿ ಚಿತ್ರದ ತಳಭಾಗವನ್ನು ಮಾತ್ರ ನೋಡುತ್ತಾ ಹೋದೆ. ಆದರೆ ಅನೇಕ ಫೋನುಗಳು ನಿಲುವಾಗಿ ಹಿಡಿದು ತೆಗೆದ ಚಿತ್ರವನ್ನೂ ಅಡ್ಡವಾಗಿಯೇ ಬರೆದು, 'ತೋರಿಸುವಾಗ ತಿರುಗಿಸು' ಎಂಬ ಸೂಚನೆಯನ್ನು ಮಾತ್ರ ಸೇರಿಸುತ್ತವೆ. ಅಂಥ ಚಿತ್ರವನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ ತೋರಿಸಿದಾಗ ಕಡತದ ಕೆಳಭಾಗ ಪರದೆಯ ಎಡಕ್ಕೆ ಬರುತ್ತದೆ. ಹೀಗೆ ಎಡಗಡೆಯಲ್ಲಿ ನಿಂತ ಬೂದು ಪಟ್ಟಿಗಳನ್ನು ನಾನು ಪಕ್ಕದ ಕಂಬದ ನೆರಳೆಂದು ತಿಳಿದು ಮುಂದೆ ಹೋಗಿದ್ದೆ.

ಥಂಬ್‌ನೇಲ್ ನೋಡಿ ನಿರ್ಧರಿಸುವುದು ಇನ್ನೂ ಅಪಾಯಕಾರಿ. ಕ್ಯಾಮೆರಾ ಒಂದು ಪುಟ್ಟ ಪ್ರತಿಯನ್ನು ಅದೇ ಕಡತದ ಆರಂಭದ ಮಾಹಿತಿಯೊಳಗೆ ಸೇರಿಸಿರುತ್ತದೆ. ಮೊದಲ ಕೆಲವು ಸಾವಿರ ಬೈಟ್‌ಗಳಲ್ಲಿಯೇ ಅದು ಬಂದುಬಿಡುವುದರಿಂದ, ದೊಡ್ಡ ಚಿತ್ರ ಅರ್ಧವೇ ಬಂದಿದ್ದರೂ ಆ ಪುಟ್ಟ ಪ್ರತಿ ಸಂಪೂರ್ಣವಾಗಿರುತ್ತದೆ. ಅದನ್ನು ಬಳಸುವ ಪಟ್ಟಿಯಲ್ಲಿ ಕಂಬದ ಬುಡವೂ ಕಾಣುತ್ತದೆ. ತೆರೆದರೆ ಮಾತ್ರ ಇಲ್ಲ.

ಕಣ್ಣನ್ನು ನಂಬುವುದನ್ನು ಬಿಟ್ಟು ನಾನು ಕಡತದ ಬಾಲವನ್ನು ನೋಡತೊಡಗಿದ್ದು ಇದಾದ ಮೇಲೆ. ಜೆಪೆಗ್ ಕಡತ `FF D8` ಎಂಬ ಎರಡು ಬೈಟ್‌ಗಳಿಂದ ಆರಂಭವಾಗಿ `FF D9` ಎಂಬ ಎರಡು ಬೈಟ್‌ಗಳಿಂದ ಮುಗಿಯುತ್ತದೆ. ನಡುವೆ ಕಡಿದ ಕಡತದಲ್ಲಿ ಮೊದಲಿನದು ಇರುತ್ತದೆ, ಕೊನೆಯದು ಇರುವುದಿಲ್ಲ. ಪೈಥಾನ್‌ನಲ್ಲಿ ಅದನ್ನು ನೋಡಲು ಇಷ್ಟು ಸಾಕು:

```python
with open(path, "rb") as f:
    f.seek(-2, 2)
    print(f.read().hex())
```

`ffd9` ಎಂದು ಬಂದರೆ ಬಾಲ ಇದೆ ಎಂದರ್ಥ. ನಮ್ಮ ಕಂಬದ ಚಿತ್ರಕ್ಕೆ `3c81` ಎಂದು ಬಂದಿತು. ಕಡತದೊಳಗೆ ಎಲ್ಲಿಯಾದರೂ `FF D9` ಇದೆಯೇ ಎಂದು ಹುಡುಕಿದರೆ ಸಾಲದು; ಆರಂಭದಲ್ಲಿರುವ ಪುಟ್ಟ ಪ್ರತಿಗೂ ತನ್ನದೇ ಆದ `FF D9` ಇರುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಆಗಬಹುದು: ಕೆಲವು ಫೋನುಗಳು ಚಿತ್ರ ಮುಗಿದ ಮೇಲೆ ಅದೇ ಕಡತಕ್ಕೆ ಕಿರು ವಿಡಿಯೊವನ್ನೋ ಬೇರೆ ಮಾಹಿತಿಯನ್ನೋ ಅಂಟಿಸುತ್ತವೆ, ಆಗ ಚಿತ್ರ ಪೂರ್ತಿ ಇದ್ದರೂ ಕೊನೆಯ ಎರಡು ಬೈಟ್ ಬೇರೆಯೇ ಆಗಿರುತ್ತವೆ. ಆದ್ದರಿಂದ ಬಾಲ ಸಿಗದ ಕಡತಗಳನ್ನು ನಾನು ತಿರಸ್ಕರಿಸುವುದಿಲ್ಲ, ಪಿಲ್ಲೊ ಲೈಬ್ರರಿಯಿಂದ ಪೂರ್ತಿ ಬಿಡಿಸಿ ನೋಡುತ್ತೇನೆ.

```python
from PIL import Image
with Image.open(path) as im:
    im.load()
```

ಇಲ್ಲಿ ಮುಖ್ಯವಾದದ್ದು ಕೊನೆಯ ಸಾಲು. `Image.open` ಆರಂಭದ ಮಾಹಿತಿಯನ್ನು ಮಾತ್ರ ಓದುತ್ತದೆ. ಅರ್ಧ ಚಿತ್ರಕ್ಕೂ 4,000 × 3,000 ಎಂಬ ಸರಿಯಾದ ಅಳತೆಯನ್ನೇ ಹೇಳಿ ನಮ್ಮನ್ನು ಸಮಾಧಾನಪಡಿಸುತ್ತದೆ. `load` ಕರೆದಾಗಲೇ `image file is truncated` ಎಂಬ ದೋಷ ಹೊರಬರುತ್ತದೆ.

ನಮ್ಮ ವ್ಯವಸ್ಥೆಯಲ್ಲಿ ಈ ದೋಷ ಎಂದೂ ಕಾಣಿಸಿಕೊಂಡಿರಲಿಲ್ಲ, ಅದರ ಕಾರಣ ತಿಳಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಹಿಂದೆ ಯಾರೋ ದೋಷದ ಕಾಟ ತಪ್ಪಿಸಲು ಪಿಲ್ಲೊದ `LOAD_TRUNCATED_IMAGES` ಎಂಬ ಆಯ್ಕೆಯನ್ನು `True` ಎಂದು ಇಟ್ಟಿದ್ದರು. ಅದರಿಂದ ಅರ್ಧ ಚಿತ್ರವೂ ತಕರಾರಿಲ್ಲದೆ ತೆರೆದುಕೊಂಡು, ವರದಿಗಾಗಿ ಚಿಕ್ಕದಾಗಿ ಹೊಸ ಕಡತವಾಗಿ ಉಳಿಯುತ್ತಿತ್ತು. ಹಾಗೆ ಉಳಿಸಿದ ಪ್ರತಿಗೆ ಬಾಲವೂ ಇದೆ, ದೋಷವೂ ಇಲ್ಲ. ಬೂದು ಪಟ್ಟಿ ಈಗ ಚಿತ್ರದ ನಿಜವಾದ ಅಂಗವೇ ಆಗಿಬಿಟ್ಟಿದೆ. ಪರೀಕ್ಷೆಯನ್ನು ಮೂಲ ಕಡತದ ಮೇಲೆ, ಯಾವುದೇ ಪರಿವರ್ತನೆಗೆ ಮೊದಲು ಮಾಡದಿದ್ದರೆ ಆಮೇಲೆ ಹಿಡಿಯುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ಪ್ರೊಗ್ರೆಸಿವ್ ಬಗೆಯ ಜೆಪೆಗ್‌ನಲ್ಲಿ ಬೂದು ಪಟ್ಟಿಯೇ ಬರದಿರಬಹುದು. ಅದರಲ್ಲಿ ಇಡೀ ಚಿತ್ರದ ಮಸುಕು ರೂಪ ಮೊದಲು ಬಂದು, ಆಮೇಲೆ ಪದರ ಪದರವಾಗಿ ಸ್ಪಷ್ಟವಾಗುವುದರಿಂದ, ನಡುವೆ ಕಡಿದರೆ ಚಿತ್ರ ಫೋಕಸ್ ತಪ್ಪಿದಂತೆ ಕಾಣುತ್ತದೆ. ಕೈ ಅಲುಗಿತೆಂದು ಛಾಯಾಗ್ರಾಹಕನನ್ನು ದೂರುವ ಮೊದಲು ಬಾಲವನ್ನು ನೋಡುವುದು ನ್ಯಾಯ.

ಇನ್ನು ಆ ಹುಡುಗನಿಗೆ ನೂರು ಪರ್ಸೆಂಟ್ ಎಂದು ತೋರಿಸಿದ್ದೇಕೆ? ನಮ್ಮ ಆ್ಯಪ್ ಎಣಿಸುತ್ತಿದ್ದದ್ದು ಫೋನಿನ ಒಳಗಿನ ಕಳುಹಿಸುವ ಸರದಿಗೆ ಒಪ್ಪಿಸಿದ ಬೈಟ್‌ಗಳನ್ನು, ಸರ್ವರ್ ತಲುಪಿದವನ್ನಲ್ಲ. ಟವರಿನ ಸಿಗ್ನಲ್ ಫೋನಿಗೆ ಕೇಳಿಸುವಷ್ಟು ಸುಲಭವಾಗಿ ಫೋನಿನ ಸಣ್ಣ ಶಕ್ತಿಯ ಸಿಗ್ನಲ್ ಟವರಿಗೆ ಕೇಳಿಸುವುದಿಲ್ಲ. ಸಂದೇಶಗಳು ಬರುತ್ತಿದ್ದರೂ ಅಪ್‌ಲೋಡ್ ನಿಂತುಬಿಡುವುದು ಅದಕ್ಕೇ. ಅವನು ವಾಹನ ಹತ್ತಿ ಹೊರಟು, ದಾರಿಯಲ್ಲಿ ಫೋನು ವೈಫೈಗೆ ಬದಲಾದಾಗ ಅದರ ವಿಳಾಸವೇ ಬದಲಾಗಿ ಹಳೆಯ ಸಂಪರ್ಕ ಸತ್ತಿತ್ತು. ಇತ್ತ ಸರ್ವರ್, ಒಟ್ಟು ಎಷ್ಟು ಬೈಟ್ ಬರಬೇಕು ಎಂದು ಕೇಳದೆ, ಸಂಪರ್ಕ ಮುಚ್ಚಿದ್ದನ್ನೇ ಕಡತದ ಅಂತ್ಯ ಎಂದು ತಿಳಿಯಿತು.

ಆದ್ದರಿಂದ ಬದಲಾವಣೆಯನ್ನು ಎರಡೂ ತುದಿಗಳಲ್ಲಿ ಮಾಡಿದೆ. ಈಗ ಫೋನು ಮೊದಲಿಗೆ ಕಡತದ ಗಾತ್ರವನ್ನೂ ಅದರ ಎಲ್ಲ ಬೈಟ್‌ಗಳಿಂದ ಲೆಕ್ಕ ಹಾಕಿದ ಎಸ್‌ಎಚ್‌ಎ-256 ಎಂಬ ತಾಳೆಯ ಮೊತ್ತವನ್ನೂ ಕಳುಹಿಸುತ್ತದೆ. ಸರ್ವರ್ ಬರುವ ಬೈಟ್‌ಗಳನ್ನು `.part` ಎಂಬ ಕೊನೆಯುಳ್ಳ ತಾತ್ಕಾಲಿಕ ಹೆಸರಿನಲ್ಲಿ ಬರೆಯುತ್ತದೆ. ಗಾತ್ರ ಮತ್ತು ಮೊತ್ತ ಎರಡೂ ಹೊಂದಿದ ಮೇಲೆಯೇ ನಿಜವಾದ ಹೆಸರು ಕೊಟ್ಟು, ಫೋನಿಗೆ ಸ್ವೀಕೃತಿ ಕಳುಹಿಸುತ್ತದೆ. ಆ ಸ್ವೀಕೃತಿ ಬರುವವರೆಗೆ ಆ್ಯಪ್ ಪರದೆಯಲ್ಲಿ 'ಕಳುಹಿಸಲಾಗುತ್ತಿದೆ' ಎಂದೇ ಇರುತ್ತದೆ, ಮೂಲ ಚಿತ್ರವನ್ನು ಅಳಿಸಲು ಬಿಡುವುದಿಲ್ಲ. ಗಾತ್ರವೊಂದನ್ನೇ ಹೋಲಿಸಿದರೆ ಸಾಲದೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ಕೆಲವು ವ್ಯವಸ್ಥೆಗಳು ಪೂರ್ಣ ಗಾತ್ರದ ಖಾಲಿ ಕಡತವನ್ನು ಮೊದಲೇ ಸೃಷ್ಟಿಸಿ ತುಂಬುತ್ತಾ ಹೋಗುತ್ತವೆ. ಅಲ್ಲಿ ನಡುವೆ ನಿಂತರೂ ಗಾತ್ರ ಸರಿಯಾಗಿಯೇ ಇದ್ದು, ಕೊನೆಯಲ್ಲಿ ಸೊನ್ನೆಗಳು ಮಾತ್ರ ಉಳಿದಿರುತ್ತವೆ. ಮೊತ್ತ ಹೊಂದಿಸಿದರೆ ಆ ಸಂದೇಹ ಉಳಿಯುವುದಿಲ್ಲ. ಇದು ಚಿತ್ರವನ್ನು ಇದ್ದಂತೆಯೇ ಕಳುಹಿಸುವ ಆ್ಯಪ್‌ಗೆ ಮಾತ್ರ ಅನ್ವಯ ಎಂಬುದನ್ನು ನೆನಪಿಡಬೇಕು. ಸಂದೇಶದ ಆ್ಯಪ್‌ಗಳಂತೆ ಕುಗ್ಗಿಸಿ ಕಳುಹಿಸುವಲ್ಲಿ, ಗ್ಯಾಲರಿಯ ಕಡತಕ್ಕೂ ತಲುಪಿದ ಕಡತಕ್ಕೂ ಗಾತ್ರ ಬೇರೆಯಾಗುವುದು ಸಹಜ.

ಹಳೆಯ ಸಂಗ್ರಹದ ಮೂಲ ಕಡತಗಳನ್ನೆಲ್ಲ ಇದೇ ಪರೀಕ್ಷೆಗೆ ಒಳಪಡಿಸಿದೆ. ಬಾಲವಿಲ್ಲದವುಗಳಲ್ಲಿ ಫೋನಿನಲ್ಲಿ ಇನ್ನೂ ಉಳಿದಿದ್ದವನ್ನು ಮತ್ತೆ ತರಿಸಿಕೊಂಡೆ. ಅಳಿಸಿಹೋದವಕ್ಕೆ ಬಾರದ ಭಾಗವನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು, ಏಕೆಂದರೆ ಆ ಬೈಟ್‌ಗಳು ನಮ್ಮನ್ನು ತಲುಪಿಯೇ ಇಲ್ಲ. ಆದರೂ ಅವುಗಳನ್ನು ಎಸೆಯಲಿಲ್ಲ. ಮೇಲ್ಭಾಗದಲ್ಲಿ ಕಾಣುವುದೆಲ್ಲ ನಿಜವಾದ ದಾಖಲೆಯೇ. ಪ್ರತಿಯೊಂದರ ಜೊತೆಗೆ 'ಅಪೂರ್ಣ, ಮೇಲಿನ ಇಷ್ಟು ಪಿಕ್ಸೆಲ್ ಮಾತ್ರ ಲಭ್ಯ' ಎಂದು ಬರೆದು, ಆ ಕಂಬಗಳ ಬುಡಗಳನ್ನು ಮುಂದಿನ ಪರಿಶೀಲನೆಯ ಪಟ್ಟಿಗೆ ಮೊದಲ ಸಾಲುಗಳಾಗಿ ಸೇರಿಸಿದೆ.