ಪೇಸ್ಲಿಪ್ ಓದುವುದು ಹೇಗೆ? ಮೇಲಿನ ಸಾಲಿನಿಂದ ಪಿಎಫ್ ಪಾಸ್‌ಬುಕ್‌ವರೆಗೆ

ಸಂಬಳ ಬಂತು ಅಂತ ಮೊಬೈಲಿಗೆ ಮೆಸೇಜ್ ಬಂದರೆ ಹೆಚ್ಚಿನವರು ಆ ಒಂದು ಮೊತ್ತ ನೋಡಿ ಸುಮ್ಮನಾಗುತ್ತಾರೆ. ಪೇಸ್ಲಿಪ್ ತೆರೆಯುವುದೇ ಇಲ್ಲ. ಆದರೆ ನಿಮ್ಮ ಹೆಸರಲ್ಲಿ ಕಡಿದ ಹಣ ಎಷ್ಟು ಅನ್ನೋದು ಗೊತ್ತಾಗುವುದು ಅಲ್ಲೇ. ಹಾಸನದ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಆಗಿರುವ ಒಬ್ಬರ ಜೂನ್ ತಿಂಗಳ ಸ್ಲಿಪ್ ಹೀಗಿದೆ ಎಂದುಕೊಂಡು ಸಾಲು ಸಾಲಾಗಿ ಓದೋಣ.

ಮೊದಲು ನೋಡಬೇಕಾದ್ದು ಹಣವನ್ನಲ್ಲ, ದಿನಗಳನ್ನು. ಮೇಲ್ಭಾಗದಲ್ಲಿ 'ಪೇಯ್ಡ್ ಡೇಸ್ 28, ಎಲ್‌ಒಪಿ 2' ಎಂದಿದೆ. ಎಲ್‌ಒಪಿ ಅಂದರೆ ಸಂಬಳವಿಲ್ಲದ ರಜೆ. ಊರಹಬ್ಬಕ್ಕೆ ಎರಡು ದಿನ ರಜೆ ಹಾಕಿದ್ದರು, ರಜೆ ಬಾಕಿ ಇರಲಿಲ್ಲ. ಈ ಎರಡು ದಿನದಿಂದಲೇ ಕೆಳಗಿನ ಬಹುತೇಕ ಸಾಲುಗಳು ಬದಲಾಗುತ್ತವೆ. ರಜೆ ಬಾಕಿ ಇದ್ದೂ ಎಲ್‌ಒಪಿ ಬಿದ್ದಿದ್ದರೆ ತಪ್ಪು ಇಲ್ಲೇ ಸಿಗುತ್ತದೆ.

ಎಡಗಡೆ ಗಳಿಕೆ. ಅವರ ಪೂರ್ತಿ ತಿಂಗಳ ಬೇಸಿಕ್ ಮತ್ತು ಡಿಎ ಸೇರಿ 15,000 ರೂಪಾಯಿ, ಎಚ್‌ಆರ್‌ಎ 3,000, ಓಡಾಟದ ಭತ್ಯೆ 1,500. ಒಟ್ಟು 19,500. ಇದನ್ನು 30ರಿಂದ ಭಾಗಿಸಿ 28ರಿಂದ ಗುಣಿಸಿದರೆ 18,200 ಬರುತ್ತದೆ. ಸ್ಲಿಪ್‌ನ ಗ್ರಾಸ್ ಅದೇ. ಕೆಲವು ಕಡೆ 30ರ ಬದಲು 26ರಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೆ ಎರಡು ದಿನಕ್ಕೆ 1,300ರ ಬದಲು 1,500 ಹೋಗುತ್ತದೆ. ನಿಮ್ಮಲ್ಲಿ ಯಾವ ಲೆಕ್ಕ ಎಂದು ಎಚ್‌ಆರ್‌ನಲ್ಲಿ ಒಮ್ಮೆ ಕೇಳಿಟ್ಟುಕೊಳ್ಳಿ.

ಬಲಗಡೆ ಕಡಿತ. ಇಲ್ಲಿ ಪಿಎಫ್ ಸಾಲು ದೊಡ್ಡದು. ಅದು ಪೂರ್ತಿ ಗ್ರಾಸ್ ಮೇಲೆ ಅಲ್ಲ, ಬೇಸಿಕ್ ಮತ್ತು ಡಿಎ ಮೇಲೆ ಶೇ 12. ಈ ತಿಂಗಳ ಬೇಸಿಕ್ ಮತ್ತು ಡಿಎ 14,000, ಹಾಗಾಗಿ ಪಿಎಫ್ 1,680. ಇಎಸ್‌ಐ ಗ್ರಾಸ್ ಮೇಲೆ ಶೇ 0.75, ಅಂದರೆ 136.50. ಪೈಸೆ ಇದ್ದರೆ ಮುಂದಿನ ರೂಪಾಯಿಗೆ ಏರಿಸುವುದರಿಂದ ಸ್ಲಿಪ್‌ನಲ್ಲಿ 137 ಇದೆ. ಕಂಪನಿ ಬಸ್ಸಿಗೆ 400. ವೃತ್ತಿ ತೆರಿಗೆಯ ಸಾಲು ಖಾಲಿ. ಕರ್ನಾಟಕದಲ್ಲಿ ತಿಂಗಳಿಗೆ 25,000 ಮತ್ತು ಅದಕ್ಕಿಂತ ಜಾಸ್ತಿ ಸಂಬಳ ಇರುವವರಿಗೆ ಮಾತ್ರ 200 ರೂಪಾಯಿ ಕಡಿಯುತ್ತಾರೆ, ಫೆಬ್ರುವರಿಯಲ್ಲಿ 300.

ಕಡಿತ ಒಟ್ಟು 2,217. 18,200ರಲ್ಲಿ ಅದನ್ನು ಕಳೆದರೆ 15,983. ಬ್ಯಾಂಕಿಗೆ ಬಂದ ಮೊತ್ತವೂ ಇದೇ ಇರಬೇಕು. ಪಿಎಫ್‌ನಲ್ಲಿ ಮಾಲೀಕರ ಪಾಲು ಬೇರೆ ಇದೆ, ಅದನ್ನು ನಿಮ್ಮ ಸಂಬಳದಿಂದ ಕಡಿಯುವಂತಿಲ್ಲ. ಪಿಎಫ್ ಸಾಲು ಶೇ 12ರ ಎರಡರಷ್ಟು ಕಂಡರೆ ಕೂಡಲೇ ಕೇಳಿ.

ಇನ್ನು ವೈಟಿಡಿ ಕಾಲಂ. ಏಪ್ರಿಲ್‌ನಿಂದ ಇಲ್ಲಿಯವರೆಗಿನ ಮೊತ್ತ ಇದು. ಏಪ್ರಿಲ್, ಮೇ ಪೂರ್ತಿ ಸಂಬಳ, ಪಿಎಫ್ ತಲಾ 1,800. ಜೂನ್‌ನ 1,680 ಸೇರಿ 5,280. ಹೋದ ತಿಂಗಳ ಸ್ಲಿಪ್‌ನ ವೈಟಿಡಿಯನ್ನು ಇದರಿಂದ ಕಳೆದರೆ ಈ ತಿಂಗಳ ಕಡಿತವೇ ಸಿಗಬೇಕು. ಸಿಗಲಿಲ್ಲ ಅಂದರೆ ಹಿಂದಿನ ತಿಂಗಳ ಯಾವುದೋ ಲೆಕ್ಕ ತಿದ್ದಿದ್ದಾರೆ ಎಂದರ್ಥ, ಯಾಕೆ ಎಂದು ಕೇಳಿ ತಿಳಿಯಿರಿ.

ಆದರೆ ಸ್ಲಿಪ್‌ನಲ್ಲಿ ಕಡಿದ ಮಾತ್ರಕ್ಕೆ ಹಣ ಪಿಎಫ್ ಖಾತೆಗೆ ಹೋಗಿದೆ ಎಂದಲ್ಲ. ನನ್ನ ಪ್ರಕಾರ ಪೇಸ್ಲಿಪ್ ಓದುವ ಕೆಲಸ ಮುಗಿಯುವುದು ಪಾಸ್‌ಬುಕ್ ನೋಡಿದ ಮೇಲೆಯೇ. ಜೂನ್‌ನಲ್ಲಿ ಕಡಿದ ಪಿಎಫ್ ಅನ್ನು ಮಾಲೀಕರು ಜುಲೈ 15ರೊಳಗೆ ಕಟ್ಟಬೇಕು. passbook.epfindia.gov.in ತಾಣಕ್ಕೆ ನಿಮ್ಮ ಪಿಎಫ್ ಸದಸ್ಯ ಸಂಖ್ಯೆಯಾದ ಯುಎಎನ್ ಹಾಕಿ ಒಳಗೆ ಹೋದರೆ ತಿಂಗಳುವಾರು ಸಾಲುಗಳು ಕಾಣುತ್ತವೆ. ನೌಕರರ ಪಾಲಿನಲ್ಲಿ ಜೂನ್ ಸಂಬಳದ ಎದುರು 1,680 ಇರಬೇಕು.

ಇಲ್ಲಿ ಎರಡು ಗೊಂದಲ ಬರುತ್ತವೆ. ಮಾಲೀಕರ ಪಾಲಿನಲ್ಲಿ 514 ಮಾತ್ರ ಕಂಡು ಜನ ಗಾಬರಿಯಾಗುತ್ತಾರೆ. ಅವರೂ 1,680 ಕಟ್ಟಿರುತ್ತಾರೆ, ಅದರಲ್ಲಿ ಶೇ 8.33ರಂತೆ 1,166 ಪಿಂಚಣಿ ಕಾಲಂಗೆ ಹೋಗಿರುತ್ತದೆ. ಎರಡನೆಯದು, ಪಾಸ್‌ಬುಕ್‌ನ ವರ್ಷದ ಒಟ್ಟು ಮೊತ್ತ ಸ್ಲಿಪ್‌ನ ವೈಟಿಡಿಗೆ ಹೊಂದುವುದಿಲ್ಲ. ಮಾರ್ಚ್ ಸಂಬಳದ ಪಿಎಫ್ ಏಪ್ರಿಲ್‌ನಲ್ಲಿ ಜಮೆಯಾಗಿ ಹೊಸ ವರ್ಷದ ಲೆಕ್ಕಕ್ಕೆ ಸೇರಿರುತ್ತದೆ. ಆದ್ದರಿಂದ ಒಟ್ಟು ಮೊತ್ತ ಬಿಟ್ಟು, ಆಯಾ ತಿಂಗಳ ಸಾಲನ್ನೇ ಹೋಲಿಸಿ.

ಪಾಸ್‌ಬುಕ್‌ನಲ್ಲಿ ಸಾಲು ಮೂಡಲು ಕೆಲವು ದಿನ ತಡವಾಗಬಹುದು. ಆದರೆ ಎರಡು ಮೂರು ತಿಂಗಳ ಸಾಲೇ ಇಲ್ಲದಿದ್ದರೆ ಸ್ಲಿಪ್‌ಗಳ ಪ್ರತಿ ಇಟ್ಟುಕೊಂಡು ಮೊದಲು ಎಚ್‌ಆರ್‌ಗೆ ಬರಹದಲ್ಲಿ ಕೇಳಿ. ಉತ್ತರ ಸಿಗದಿದ್ದರೆ epfigms.gov.in ತಾಣದಲ್ಲಿ ದೂರು ದಾಖಲಿಸಬಹುದು. ನಮ್ಮ ಕಡೆಯವರಿಗೆ ಚಿಕ್ಕಮಗಳೂರಿನಲ್ಲೂ ಪಿಎಫ್ ಕಚೇರಿ ಇದೆ. ದೂರಿನ ಜೊತೆ ಕೊಡಲು ಬೇಕಾಗುವ ಪುರಾವೆ ಆ ಸ್ಲಿಪ್‌ಗಳೇ, ಹಾಗಾಗಿ ಪ್ರತಿ ತಿಂಗಳದ್ದನ್ನೂ ಮೊಬೈಲಿನಲ್ಲಿ ಬೇರೆ ಫೋಲ್ಡರ್ ಮಾಡಿ ಉಳಿಸಿ. ಕೆಲಸ ಬಿಟ್ಟ ಮೇಲೆ ಕಂಪನಿಯ ಆ್ಯಪ್‌ಗೆ ಲಾಗಿನ್ ಸಿಗದೇ ಹೋಗಬಹುದು.